ಕೀಮೋ ‘ಗುರಿ ತಪ್ಪುತ್ತೆ’ ಅನ್ನೋದು ಶುದ್ಧ ಸುಳ್ಳು

1/6
ನಮ್ಮ ಕ್ಲಾಸ್ ಗ್ರೂಪಲ್ಲಿ ಯಾರೋ ಹಾಕಿದ ನೋಟ್ಸ್‌ನಲ್ಲಿ ಒಂದು ಸಾಲಿತ್ತು: “ಕೀಮೋ ಔಷಧಿ ಕ್ಯಾನ್ಸರ್ ಕೋಶಗಳನ್ನ ಕೊಲ್ಲುತ್ತೆ, ಕೆಲವೊಮ್ಮೆ ಗುರಿ ತಪ್ಪಿ ಕೂದಲಿಗೂ ಕರುಳಿಗೂ ಬಡಿಯುತ್ತೆ.” ಎಲ್ಲರೂ ಹಾರ್ಟ್ ಒತ್ತಿದ್ರು. ನಾನು ಒತ್ತಲಿಲ್ಲ. ಯಾಕಂದ್ರೆ ಔಷಧಿ ಗುರಿ ತಪ್ಪಲ್ಲ ಗುರು. ಅದರ ಗುರಿ ಕ್ಯಾನ್ಸರ್ ಅಲ್ಲವೇ ಅಲ್ಲ. ವಿಭಜನೆ ಆಗ್ತಿರೋ ಕೋಶ, ಅಷ್ಟೇ. ಅದು ಯಾರ ಮನೆ ಕೋಶ ಅಂತ ಅದು ಕೇಳಲ್ಲ.

2/6
ವಿನ್‌ಬ್ಲಾಸ್ಟಿನ್ ತಗೊಳ್ಳಿ. ಹಾಜ್ಕಿನ್ ಲಿಂಫೋಮಾಗೆ ಕೊಡ್ತಾರೆ. ಮೂಲ ನಮ್ಮ ಅಂಗಳದ ನಿತ್ಯಪುಷ್ಪ ಗಿಡ.
ಕೋಶ ಎರಡಾಗಬೇಕಾದ್ರೆ ಕ್ರೋಮೋಸೋಮ್‌ಗಳನ್ನ ಎರಡು ಕಡೆಗೆ ಎಳೀಬೇಕು. ಎಳೆಯೋ ದಾರವೇ ಸ್ಪಿಂಡಲ್, ಅಂದ್ರೆ ಕದಿರು. ಟ್ಯೂಬುಲಿನ್ ಅನ್ನೋ ಪ್ರೋಟೀನಿನ ಸಣ್ಣ ಇಟ್ಟಿಗೆಗಳು ಒಂದಕ್ಕೊಂದು ಸೇರಿ ಈ ದಾರ ಬೆಳೆಯುತ್ತೆ. ವಿನ್‌ಬ್ಲಾಸ್ಟಿನ್ ಹೋಗಿ ಆ ಇಟ್ಟಿಗೆಗೇ ಅಂಟಿಕೊಳ್ಳುತ್ತೆ, ಸ್ಪಿಂಡಲ್ ಕಟ್ಟೋಕೆ ಆಗಲ್ಲ. ಕೋಶದೊಳಗೆ ಒಂದು ತಪಾಸಣೆ ಇದೆ: ಎಲ್ಲಾ ಕ್ರೋಮೋಸೋಮ್‌ಗೂ ದಾರ ಸಿಕ್ಕಿತಾ? ಸಿಗದಿದ್ರೆ ಮುಂದಕ್ಕೆ ಬಿಡಲ್ಲ. ಕೋಶ ಮೆಟಾಫೇಸ್ ಹತ್ತಿರವೇ ಗಂಟೆಗಟ್ಟಲೆ ನಿಂತು, ಕೊನೆಗೆ ತನ್ನನ್ನ ತಾನೇ ಮುಗಿಸಿಕೊಳ್ಳುತ್ತೆ. ಕೆಲವು ತಪ್ಪಿಸಿಕೊಳ್ಳೋದೂ ಉಂಟು.
ಇದರಲ್ಲಿ ‘ಕ್ಯಾನ್ಸರ್’ ಅನ್ನೋ ಪದ ಎಲ್ಲಾದ್ರೂ ಬಂತಾ?

3/6
ಲ್ಯಾಬಲ್ಲಿ ಮೈಟಾಸಿಸ್ ನೋಡೋಕೆ ಈರುಳ್ಳಿ ಬೇರಿನ ತುದಿನೇ ಯಾಕೆ ಕತ್ತರಿಸ್ತೀವಿ? ವಿಭಜನೆ ನಡೆಯೋದು ಅಲ್ಲಿ. ನಮ್ಮ ಮೈಯಲ್ಲಿ ಅಂಥ ಒಂದು ಜಾಗ ಕೂದಲಿನ ಬುಡ. ಹೊರಗೆ ಕಾಣೋ ಕೂದಲು ಸತ್ತದ್ದು, ಅದಕ್ಕೆ ಔಷಧಿ ಏನೂ ಮಾಡಲ್ಲ. ಬುಡದ ಕೋಶಗಳು ನಿಂತಾಗ ಹೊಸದಾಗಿ ಬರೋ ಎಳೆ ಸಣಕಲಾಗಿ ಅಲ್ಲೇ ಮುರಿಯುತ್ತೆ. ಅದಕ್ಕೇ ಕೂದಲು ಮೊದಲ ದಿನವಲ್ಲ, ಎರಡು ಮೂರು ವಾರದ ಮೇಲೆ ಉದುರೋದು.
ಸಾಕ್ಷಿ ಬೇಕಾ? ಹುಬ್ಬು ನೋಡಿ. ತಲೆಗೂದಲಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಯಾವಾಗಲೂ ಬೆಳೀತಾ ಇರುತ್ತೆ, ಹುಬ್ಬಲ್ಲಿ ಹೆಚ್ಚಿನವು ವಿಶ್ರಾಂತಿಯಲ್ಲಿರುತ್ತೆ. ಅದೇ ರಕ್ತ, ಅದೇ ಔಷಧಿ. ಆದ್ರೂ ಹುಬ್ಬು ಸಾಮಾನ್ಯವಾಗಿ ತಡವಾಗಿ, ಕಡಿಮೆ ಉದುರುತ್ತೆ.

4/6
ಎರಡನೇ ಜಾಗ ಕರುಳಿನ ಒಳಪದರ. ಅಲ್ಲಿನ ಸಣ್ಣ ಗುಳಿಗಳಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಸಾಗಿ, ಸುಮಾರು 4-5 ದಿನದಲ್ಲಿ ಉದುರಿ ಹೋಗುತ್ತೆ. ಮೇಲೆ ಉದುರೋದನ್ನ ಔಷಧಿ ನಿಲ್ಲಿಸಲ್ಲ, ಕೆಳಗೆ ಹುಟ್ಟೋದನ್ನ ಮಾತ್ರ ನಿಲ್ಲಿಸುತ್ತೆ. ಪದರ ತೆಳುವಾಗುತ್ತೆ, ಭೇದಿ ಶುರುವಾಗುತ್ತೆ. ಬಾಯಿಯ ಒಳಪದರಕ್ಕೂ ಇದೇ ಕಥೆ, ಅದಕ್ಕೇ ಬಾಯಿಹುಣ್ಣು.

5/6
ಈಗ ನೋಟ್ಸ್‌ನ ಎರಡನೇ ಸುಳ್ಳು: “ಕ್ಯಾನ್ಸರ್ ಕೋಶ ಎಲ್ಲಕ್ಕಿಂತ ವೇಗವಾಗಿ ವಿಭಜನೆ ಆಗುತ್ತೆ.” ಇಲ್ಲ! ಎಷ್ಟೋ ಗೆಡ್ಡೆಗಳಿಗಿಂತ ಕರುಳಿನ ಗುಳಿಯೇ ವೇಗ. ಕರುಳಲ್ಲಿ ಹುಟ್ಟಿದಷ್ಟೇ ಸಾಯುತ್ತೆ, ಗೆಡ್ಡೆಯಲ್ಲಿ ಸಾಯೋದಕ್ಕಿಂತ ಹುಟ್ಟೋದು ಜಾಸ್ತಿ. ವ್ಯತ್ಯಾಸ ಲೆಕ್ಕದಲ್ಲಿದೆ, ವೇಗದಲ್ಲಿ ಅಲ್ಲ.
ಹಾಗಾದ್ರೆ ರೋಗಿ ಉಳಿಯೋದು ಹೇಗೆ? ಕೂದಲ ಬುಡದಲ್ಲೂ ಕರುಳಲ್ಲೂ ಅಪರೂಪಕ್ಕೆ ವಿಭಜನೆ ಆಗೋ ಮೀಸಲು ಕೋಶಗಳಿವೆ. ಔಷಧಿ ಬಂದ ದಿನ ಅವು ಸುಮ್ಮನಿದ್ರೆ ಬಚಾವ್, ಆಮೇಲೆ ಎದ್ದು ಜಾಗ ತುಂಬುತ್ತವೆ. ಎರಡು ಮೂರು ವಾರ ಬಿಟ್ಟು ಮುಂದಿನ ಡೋಸ್ ಕೊಡೋದು ಈ ರಿಪೇರಿಗೆ ಟೈಮ್ ಸಿಗಲಿ ಅಂತ. ಆದ್ರೆ ಆ ದಿನ ಸುಮ್ಮನಿದ್ದ ಕ್ಯಾನ್ಸರ್ ಕೋಶಾನೂ ಬಚಾವ್. ಅದಕ್ಕೇ ಒಂದು ಡೋಸ್ ಸಾಕಾಗಲ್ಲ.

6/6
ಇತಿಹಾಸ ಕೇಳಿ. ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಈ ಗಿಡವನ್ನ ಪರೀಕ್ಷಿಸಿದ್ದು ಸಕ್ಕರೆ ಕಾಯಿಲೆಗೆ ಮದ್ದು ಸಿಗುತ್ತಾ ಅಂತ. ಸಕ್ಕರೆಗೆ ಏನೂ ಆಗಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿದುಬಿಟ್ಟವು. ಅಸ್ಥಿಮಜ್ಜೆಯಲ್ಲಿ ವಿಭಜನೆ ನಿಂತಿತ್ತು. ಅದನ್ನ ಹಿಡಿದು ಹೊರಟು 1958ರಲ್ಲಿ ವಿನ್‌ಬ್ಲಾಸ್ಟಿನ್ ಬಗ್ಗೆ ಪ್ರಕಟಿಸಿದ್ರು. ಅಂದ್ರೆ ನಾವು ‘ಅಡ್ಡಪರಿಣಾಮ’ ಅನ್ನೋದೇ ಮೊದಲು ಕಂಡದ್ದು, ಔಷಧಿ ಹುಟ್ಟಿದ್ದು ಅದರಿಂದ!
“ನಿತ್ಯಪುಷ್ಪದ ಕಷಾಯ ಕುಡೀರಿ, ಕ್ಯಾನ್ಸರ್ ಹೋಗುತ್ತೆ, ಕೂದಲೂ ಉಳಿಯುತ್ತೆ” ಅನ್ನೋ ರೀಲ್ಸ್‌ನೋರಿಗೆ ಒಂದು ಮಾತು. ಆಸ್ಪತ್ರೆಯಲ್ಲಿ ದೊಡ್ಡವರಿಗೆ ಕೊಡೋದು ಒಂದು ಸಲಕ್ಕೆ ಸುಮಾರು 10 ಮಿಲಿಗ್ರಾಂ, ಅದೂ ರಕ್ತಕಣ ಎಣಿಸಿ, ನೇರ ರಕ್ತನಾಳಕ್ಕೆ. ನಿಮ್ಮ ಪಾತ್ರೆಯಲ್ಲಿ ಎಷ್ಟಿದೆ ಅಂತ ನಿಮಗೇ ಗೊತ್ತಿಲ್ಲ. ಸ್ಪಿಂಡಲ್ ತಡೆಯುವಷ್ಟಿದ್ರೆ ಕೂದಲ ಬುಡಕ್ಕೂ ಹೊಡೆಯುತ್ತೆ, ಹೊಡೆಯುವಷ್ಟಿಲ್ಲದಿದ್ರೆ ಗೆಡ್ಡೆಗೂ ಏನೂ ಆಗಲ್ಲ. ಎರಡೂ ಒಟ್ಟಿಗೆ ಸಿಗಲ್ಲ.
ಆ ನೋಟ್ಸ್ ಬರೆದವರು ಇದನ್ನ ಓದ್ತಿದ್ರೆ, ‘ಗುರಿ ತಪ್ಪಿ’ ಅನ್ನೋದನ್ನ ಹೊಡೆದುಹಾಕಿ, ಪ್ಲೀಸ್.