ಅಜ್ಜನ ಕಣ್ಣಿಗೆ ಮತ್ತೆ ಪೊರೆ ಬಂತೇ?

ನಮ್ಮ ಎದುರುಮನೆಯ ಅಜ್ಜನಿಗೆ ಎರಡು ವರ್ಷದ ಹಿಂದೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಳೆದ ವಾರ ಅವರು ಗೇಟಿನ ಬಳಿ ನನ್ನನ್ನು ನಿಲ್ಲಿಸಿ, ಮಗನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಮತ್ತೆ ಪೊರೆ ಬಂದ ಹಾಗಿದೆ ಕಣಪ್ಪ. ಟೀವಿಯಲ್ಲಿ ಎಲ್ಲರೂ ಹಾಲಿನ ಕೆನೆಯ ಹಿಂದೆ ನಿಂತ ಹಾಗೆ ಕಾಣ್ತಾರೆ. ಮನೇಲಿ ಹೇಳಿಲ್ಲ. ಸುಮ್ಮನೆ ಗಾಬರಿ ಆಗ್ತಾರೆ."

"ಪೇಪರ್ ಓದೋಕೆ ಆಗುತ್ತಾ?" ಎಂದೆ.

"ಅದೇನೋ ಚೆನ್ನಾಗೇ ಕಾಣುತ್ತೆ."

ಅಕ್ಷರ ಕಪ್ಪಾಗಿ ಕಂಡು ಟೀವಿ ಮಾತ್ರ ಮಸುಕಾದರೆ ಅನುಮಾನ ಹೋಗಬೇಕಾದದ್ದು ಟೀವಿಯ ಮೇಲೆ. ಒಳಗೆ ಹೋಗಿ ನೋಡಿದೆ. ಹಳೆಯ ಕಪ್ಪು ಬಿಳುಪು ಸಿನಿಮಾ ಓಡುತ್ತಿತ್ತು. ನಾಯಕನ ಕೂದಲು ಬೂದಿ ಬಣ್ಣಕ್ಕಿತ್ತು. ಚಿತ್ರದ ಎಡಬಲದ ಖಾಲಿ ಪಟ್ಟಿಗಳೂ ಬೂದಿ. ಆದರೆ ಅದರ ಪಕ್ಕದಲ್ಲೇ ಇರುವ ಟೀವಿಯ ಪ್ಲಾಸ್ಟಿಕ್ ಚೌಕಟ್ಟು ಇದ್ದಿಲಿನಷ್ಟು ಕಪ್ಪು. "ಅಜ್ಜ, ಈ ಚೌಕಟ್ಟು ಹೇಗೆ ಕಾಣುತ್ತೆ?" ಎಂದು ಕೇಳಿದೆ. "ಕಪ್ಪಗಿದೆಯಲ್ಲ!" ಎಂದರು. ಕಣ್ಣಿಗೆ ಪೊರೆ ಬಂದರೆ ಚೌಕಟ್ಟೂ ಮಸುಕಾಗಬೇಕು, ಬರೀ ಚಿತ್ರವಲ್ಲ. (ಪೇಪರು, ಚೌಕಟ್ಟು, ಬೀದಿದೀಪ ಎಲ್ಲವೂ ಮಸುಕಾಗಿ ಕಂಡರೆ ಟೀವಿಯ ರಿಮೋಟ್ ಬಿಟ್ಟು ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಆಪರೇಷನ್ ಆದ ಕಣ್ಣೂ ಕೆಲವೊಮ್ಮೆ ಮತ್ತೆ ಮಸುಕಾಗುವುದುಂಟು.)

ಅಷ್ಟರಲ್ಲಿ ಏಳನೇ ಕ್ಲಾಸಿನ ಮೊಮ್ಮಗಳು ತಪ್ಪು ಒಪ್ಪಿಕೊಂಡಳು. "ಟೀವಿ ಡಲ್ ಆಗಿತ್ತು ಅಂಕಲ್. ಬೆಳಕು ಬರಲಿ ಅಂತ ಬ್ರೈಟ್‌ನೆಸ್ ಜಾಸ್ತಿ ಮಾಡಿದೆ. ಅದಕ್ಕೂ ಸರಿ ಹೋಗಲಿಲ್ಲ, ಕಾಂಟ್ರಾಸ್ಟನ್ನ ನೂರಕ್ಕೆ ಇಟ್ಟೆ."

ತಪ್ಪು ಅವಳದಲ್ಲ, ಹೆಸರಿನದು. ಟೀವಿಯ ಸೆಟ್ಟಿಂಗ್ಸ್‌ನಲ್ಲಿ Backlight, Brightness, Contrast ಎಂದು ಮೂರು ಸ್ಲೈಡರ್‌ಗಳಿರುತ್ತವೆ. ಮೂರರಲ್ಲಿ ಯಾವುದನ್ನು ಏರಿಸಿದರೂ ಮೊದಲ ನೋಟಕ್ಕೆ ಪರದೆ ಬೆಳಗಿದಂತೆಯೇ ಕಾಣುತ್ತದೆ. ಆದರೆ ದೀಪವನ್ನು ಮುಟ್ಟುವುದು ಬ್ಯಾಕ್‌ಲೈಟ್ ಒಂದೇ.

ತೊಗಲುಗೊಂಬೆಯಾಟ ನೋಡಿದವರಿಗೆ ಇದು ಸುಲಭ. ಬಿಳಿ ಪರದೆ, ಅದರ ಹಿಂದೆ ಗೊಂಬೆ, ಗೊಂಬೆಯ ಹಿಂದೆ ದೀಪ. ನಮ್ಮ ಎಲ್‌ಇಡಿ ಟೀವಿಯೂ ಹಾಗೆಯೇ. ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತಿರುತ್ತವೆ. ಅವುಗಳ ಮುಂದೆ ಲಕ್ಷಗಟ್ಟಲೆ ಪುಟ್ಟ ಕಿಟಕಿಗಳಿರುವ ಹಾಳೆ. ಫುಲ್ ಎಚ್‌ಡಿ ಟೀವಿಯಾದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಗುಣಿಸಿದರೆ 20 ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕಿಯಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಕಿಟಕಿ. ಕಿಟಕಿ ಎಷ್ಟು ತೆರೆಯುತ್ತದೋ ಅಷ್ಟು ಬೆಳಕು ನಮ್ಮ ಕಡೆ ಬರುತ್ತದೆ. ಬ್ಯಾಕ್‌ಲೈಟ್ ಏರಿಸುವುದೆಂದರೆ ಹಿಂದಿನ ದೀಪದ ಬತ್ತಿ ಏರಿಸುವುದು. ಗೊಂಬೆ ಕುಣಿಯುವ ರೀತಿ ಅದರಿಂದ ಬದಲಾಗುವುದಿಲ್ಲ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡೂ ದೀಪದ ಗೊಡವೆಗೆ ಹೋಗದೆ ಕಿಟಕಿಗಳನ್ನು ಹೆಚ್ಚು ಕಡಿಮೆ ತೆರೆಯುತ್ತವೆ.

ಹಾಗಾದರೆ ಆ ಎರಡರ ನಡುವೆ ಏನು ವ್ಯತ್ಯಾಸ? ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟೆ. ಕಿಟಕಿ ಪೂರಾ ಮುಚ್ಚಿದರೆ 0, ಪೂರಾ ತೆರೆದರೆ 100 ಎಂದುಕೊಳ್ಳೋಣ. ನಾಯಕನ ಕೂದಲು 0, ಕಪ್ಪು ಕೋಟಿನ ಮಡಿಕೆ 10, ಮುಖ 50, ಬಿಳಿ ಅಂಗಿ 90, ಅಂಗಿಯ ಮೇಲಿನ ಸುಕ್ಕು 85. ಟೀವಿಯೊಳಗಿನ ಲೆಕ್ಕ ಇಷ್ಟು ಸರಳವಲ್ಲ, ಆದರೆ ದಾರಿ ಇದೇ.

ಬ್ರೈಟ್‌ನೆಸ್ ಎಂದರೆ ಕೂಡುವ ಲೆಕ್ಕ. ಎಲ್ಲಕ್ಕೂ 10 ಸೇರಿಸು ಎಂದೆ. ಕೂದಲು 10 ಆಯಿತು, ಕೋಟು 20, ಮುಖ 60, ಸುಕ್ಕು 95, ಅಂಗಿ 100. ಮುಖವೇನೋ ಬೆಳಗಿತು. ಆದರೆ 0 ಎಂಬುದೇ ಚಿತ್ರದಲ್ಲಿ ಉಳಿಯಲಿಲ್ಲ ನೋಡಿ. ಪೂರಾ ಮುಚ್ಚಬೇಕಿದ್ದ ಕಿಟಕಿ ಅರೆ ತೆರೆದು ನಿಂತಿದೆ. ಅದರಿಂದ ಬಂದ ಬೆಳಕೇ ಅಜ್ಜನ ಹಾಲಿನ ಕೆನೆ.

ಕಾಂಟ್ರಾಸ್ಟ್ ಎಂದರೆ ಗುಣಿಸುವ ಲೆಕ್ಕ. ಮೊದಲಿನ ಅಂಕಿಗಳನ್ನೇ ತೆಗೆದುಕೊಂಡು 1.2ರಿಂದ ಗುಣಿಸು ಎಂದೆ. ಕೂದಲು 0, ಏಕೆಂದರೆ ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಕೋಟು 12. ಮುಖ ಇಲ್ಲಿಯೂ 60! ಕಪ್ಪು ಕೆಡದೆ ಮುಖ ಬೆಳಗಿತು. ಹುಡುಗಿಗೆ ಖುಷಿಯಾಗಿ, "ಹಾಗಾದ್ರೆ ಕಾಂಟ್ರಾಸ್ಟೇ ಬೆಸ್ಟ್ ಅಲ್ವಾ?" ಎಂದಳು. ಅಂಗಿಯ ಲೆಕ್ಕ ಮುಗಿಸು ಎಂದೆ. ಸುಕ್ಕು 102, ಅಂಗಿ 108. ಆದರೆ ಕಿಟಕಿ 100ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎರಡೂ 100ರಲ್ಲೇ ನಿಂತವು. ಸುಕ್ಕು, ಮಡಿಕೆ ಎಲ್ಲ ಅಳಿಸಿಹೋಗಿ ಅಂಗಿ ಸುಣ್ಣ ಬಳಿದ ಗೋಡೆಯಾಯಿತು. ಟೀವಿಯ ಕಡೆ ತಿರುಗಿದರೆ ನಾಯಕನ ಅಂಗಿಗೆ ಗುಂಡಿಗಳೇ ಕಾಣುತ್ತಿರಲಿಲ್ಲ.

ಈ ಗೊಂದಲದ ಹೆಸರು ಎಲ್ಲಿಂದ ಬಂತು ಎಂದು ಅಜ್ಜ ಕೇಳಿದರು. ಅವರ ಕಾಲದಿಂದಲೇ. ಬಾಗಿಲು ಎಳೆದು ಮುಚ್ಚುವ ಮರದ ಪೆಟ್ಟಿಗೆಯ ಟೀವಿಗೆ ಇದೇ ಹೆಸರಿನ ಎರಡು ತಿರುಗುಗುಂಡಿಗಳಿದ್ದವು. ಆ ಗಾಜಿನ ಕೊಳವೆಯ ಟೀವಿಯಲ್ಲಿ ಹಿಂದೆ ಬೇರೆ ದೀಪವೇ ಇರಲಿಲ್ಲ. ಗಾಜಿನ ಒಳಮೈಗೆ ಬಳಿದ ಪುಡಿಯೇ ಬೆಳಗುತ್ತಿತ್ತು. ಬ್ರೈಟ್‌ನೆಸ್ ಗುಂಡಿ ತಿರುಗಿಸಿದರೆ ಇಡೀ ಗಾಜು ಬೆಳಗುತ್ತಿತ್ತಾದ್ದರಿಂದ ಆ ಹೆಸರು. ಟೀವಿ ಬದಲಾಯಿತು, ದೀಪ ಬೇರೆಯಾಗಿ ಹಿಂದಕ್ಕೆ ಹೋಯಿತು, ಹೆಸರು ಮಾತ್ರ ಹಾಗೇ ಉಳಿದುಕೊಂಡಿತು. ನನ್ನನ್ನು ಕೇಳಿದರೆ ಬ್ರೈಟ್‌ನೆಸ್‌ಗೆ 'ಕಪ್ಪಿನ ಮಟ್ಟ' ಎಂದೂ ಕಾಂಟ್ರಾಸ್ಟ್‌ಗೆ 'ಬಿಳುಪಿನ ಮಟ್ಟ' ಎಂದೂ ಹೆಸರಿಡಬೇಕಿತ್ತು.

ಇನ್ನೊಂದು ತೊಡಕಿದೆ. ಕೆಲವು ಟೀವಿಗಳಲ್ಲಿ ಹಿಂದಿನ ದೀಪದ ಸ್ಲೈಡರಿಗೇ Brightness ಎಂಬ ಹೆಸರಿಟ್ಟು, ಕಪ್ಪಿನ ಮಟ್ಟಕ್ಕೆ Black level ಎಂದು ಬೇರೆ ಸ್ಲೈಡರ್ ಕೊಟ್ಟಿರುತ್ತಾರೆ. ನಿಮ್ಮ ಮನೆಯದು ಯಾವುದು ಎಂದು ತಿಳಿಯಲು ಅದನ್ನು ತೀರ ಕೆಳಕ್ಕೆ ಇಳಿಸಿ ನೋಡಿ. ಇಡೀ ಚಿತ್ರ ಮುಸ್ಸಂಜೆಯಾದಂತೆ ಒಂದೇ ಸಮನೆ ಮಂಕಾದರೆ ಅದು ದೀಪ. ನೆರಳು, ಕೂದಲು, ಕೋಟು ಎಲ್ಲ ಸೇರಿ ಮಸಿಯ ಮುದ್ದೆಯಾಗಿ, ಬಿಳಿ ಅಂಗಿ ಮಾತ್ರ ಹೆಚ್ಚುಕಡಿಮೆ ಬೆಳ್ಳಗೇ ಉಳಿದರೆ ಅದು ಕಪ್ಪಿನ ಮಟ್ಟ. ಓಎಲ್‌ಇಡಿ ಟೀವಿಯಲ್ಲಿ ಹಿಂದೆ ದೀಪವಿಲ್ಲ, ಚುಕ್ಕಿಗಳೇ ಬೆಳಗುತ್ತವೆ. ಆದರೂ ಅವೆಲ್ಲವನ್ನೂ ಒಟ್ಟಿಗೆ ಏರಿಸಿ ಇಳಿಸುವ ಸ್ಲೈಡರ್ ಇರುತ್ತದೆ, ಹೆಸರು ಬೇರೆ.

ಸರಿ, ಅಜ್ಜನ ಟೀವಿ ಮೊದಲು ಡಲ್ ಆಗಿದ್ದೇಕೆ? ಮೆನು ತೆರೆದರೆ ಬ್ಯಾಕ್‌ಲೈಟ್ ಸ್ಲೈಡರ್ ಅಲುಗಾಡಲಿಲ್ಲ. ಮೇಲೆ ನೋಡಿದರೆ ಕರೆಂಟ್ ಉಳಿಸುವ Energy Saving ಆನ್ ಆಗಿತ್ತು. ಟೀವಿ ಎಳೆಯುವ ಕರೆಂಟಿನಲ್ಲಿ ದೊಡ್ಡ ಪಾಲು ಹಿಂದಿನ ದೀಪದ್ದೇ ಆದ್ದರಿಂದ ಆ ವ್ಯವಸ್ಥೆ ದೀಪವನ್ನೇ ತಗ್ಗಿಸಿ, ಸ್ಲೈಡರನ್ನು ಬಿಗಿಹಿಡಿದಿತ್ತು. ಹುಡುಗಿ ಬತ್ತಿ ಏರಿಸಲಾಗದೆ ಕಿಟಕಿ ತೆರೆದಿದ್ದಳು. ಅದನ್ನು ಆಫ್ ಮಾಡಿ, ಪಿಕ್ಚರ್ ಮೋಡನ್ನು ಕಣ್ಣು ಕುಕ್ಕುವ Vivid ಬಿಟ್ಟು Cinemaಗೆ ತಂದೆವು. ಆ ಮೋಡಿಗೆ ಅದರದೇ ಅಂಕಿಗಳಿದ್ದವು. ಸರಿಯಾದದ್ದು ಯಾವುದೆಂದು ಹುಡುಗಿಯೇ ಕಣ್ಣಾರೆ ಕಂಡುಕೊಳ್ಳಲಿ ಎಂದು ಅವಳಿಟ್ಟಿದ್ದ 72ನ್ನು ಬ್ರೈಟ್‌ನೆಸ್‌ಗೂ 100ನ್ನು ಕಾಂಟ್ರಾಸ್ಟ್‌ಗೂ ಮತ್ತೆ ಕೊಟ್ಟು ಅಲ್ಲಿಂದ ಶುರುಮಾಡಿಸಿದೆ.

ಮೊದಲು ಕಪ್ಪು. ಪರದೆಗೆ ಬೆಳಕು ಬೀಳದಂತೆ ಕರ್ಟನ್ ಎಳೆದು, ಪೆನ್‌ಡ್ರೈವ್‌ನಲ್ಲಿದ್ದ ಸಿನಿಮಾವನ್ನು ರಾತ್ರಿಯ ದೃಶ್ಯವೊಂದರಲ್ಲಿ ನಿಲ್ಲಿಸಿದೆವು. ಹುಡುಗಿ ಬ್ರೈಟ್‌ನೆಸ್ಸನ್ನು ಒಂದೊಂದೇ ಇಳಿಸಿದಳು. ಪಕ್ಕದ ಪಟ್ಟಿಗಳು ಕಪ್ಪಾಗುತ್ತಾ ಹೋಗಿ 47ರ ಹೊತ್ತಿಗೆ ಇನ್ನು ಕಪ್ಪಾಗುವುದನ್ನು ನಿಲ್ಲಿಸಿದವು, ಜೊತೆಗೆ ಕೋಟಿನ ಮಡಿಕೆಯೂ ಮಾಯವಾಯಿತು. ಮಡಿಕೆ ಮತ್ತೆ ಕಾಣುವವರೆಗೆ ಏರಿಸಿದಾಗ 50. ಅಲ್ಲಿಗೇ ಬಿಟ್ಟೆವು. ಆಮೇಲೆ ಬಿಳುಪು. ಬಿಳಿ ಪಂಚೆಯ ದೃಶ್ಯವೊಂದನ್ನು ನಿಲ್ಲಿಸಿ, ಕಾಂಟ್ರಾಸ್ಟನ್ನು ನೂರರಿಂದ ಇಳಿಸುತ್ತಾ ಬಂದರೆ 85ರಲ್ಲಿ ನೆರಿಗೆಗಳು ಎದ್ದು ಬಂದವು. ನಿಮ್ಮ ಟೀವಿಯ ಅಂಕಿಗಳು ಬೇರೆ ಇರುತ್ತವೆ. ಅಂಕಿ ನೋಡಬೇಡಿ, ಮಡಿಕೆ ನೋಡಿ. ಸೆಟ್‌ಟಾಪ್ ಬಾಕ್ಸ್‌ಗೂ ಪೆನ್‌ಡ್ರೈವ್‌ಗೂ ಟೀವಿ ಬೇರೆ ಬೇರೆ ಲೆಕ್ಕ ಇಟ್ಟುಕೊಂಡಿರಬಹುದು, ಎರಡರಲ್ಲೂ ನೋಡಬೇಕು.

ಈ ಎರಡನ್ನು ಒಮ್ಮೆ ಕೂರಿಸಿದ ಮೇಲೆ ದಿನಾ ಮುಟ್ಟುವ ಅಗತ್ಯವಿಲ್ಲ. ಕೋಣೆಯ ಬೆಳಕಿಗೆ ತಕ್ಕಂತೆ ಏರಿಳಿಸಬೇಕಾದದ್ದು ಬ್ಯಾಕ್‌ಲೈಟ್. ಮಧ್ಯಾಹ್ನ ಅದನ್ನು 80ಕ್ಕೆ ತಂದೆವು, ಮುಖಗಳು ಕಾಂತಿಗೂಡಿದವು, ಕೂದಲು ಕಪ್ಪಾಗಿಯೇ ಉಳಿಯಿತು.

ರಾತ್ರಿ ಫೋನ್ ಬಂತು. "ಲೈಟ್ ಆರಿಸಿದರೆ ಪಕ್ಕದ ಪಟ್ಟಿಗಳು ಮತ್ತೆ ಸ್ವಲ್ಪ ಬೂದಿ ಕಾಣ್ತಾವೆ. ಬ್ರೈಟ್‌ನೆಸ್ ಇಳಿಸಲಾ?" ಅಜ್ಜನ ದನಿಯಲ್ಲಿ ಪುನಃ ಅಳುಕು. ಬೇಡ ಎಂದೆ. ಕಿಟಕಿ ಎಷ್ಟೇ ಬಿಗಿಯಾಗಿ ಮುಚ್ಚಿದರೂ ದೀಪದ ಬೆಳಕು ತುಸು ಸೋರುತ್ತದೆ. ಕೆಲವು ಟೀವಿಗಳಲ್ಲಿ ಆ ಸೋರಿಕೆ ಪೂರಾ ಬಿಳುಪಿನ ಸುಮಾರು ಸಾವಿರದ ಒಂದು ಪಾಲು, ಇನ್ನು ಕೆಲವದರಲ್ಲಿ ಅದಕ್ಕೂ ಕಡಿಮೆ. ಹಗಲಲ್ಲಿ ಅದು ತಿಳಿಯದು, ಕತ್ತಲಲ್ಲಿ ಕಾಣುತ್ತದೆ. ಮುಚ್ಚಿದ ಕಿಟಕಿಯನ್ನು ಇನ್ನಷ್ಟು ಮುಚ್ಚಲು ಹೋದರೆ ಕೋಟಿನ ಮಡಿಕೆ ಹೋದೀತೇ ಹೊರತು ಸೋರಿಕೆ ನಿಲ್ಲದು. ದೀಪವನ್ನೇ ಇಳಿಸಬೇಕು.

ಫೋನಿನಲ್ಲೇ ಹುಡುಗಿ ಬ್ಯಾಕ್‌ಲೈಟನ್ನು 35ಕ್ಕೆ ಇಳಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜ ನನ್ನನ್ನು ಮರೆತು ಅವಳೊಡನೆ ಮಾತಿಗಿಳಿದಿದ್ದರು: "ಅಲ್ಲಿ ನೋಡು ಪುಟ್ಟಿ, ಹಿಂದಿನ ಕಂಬದ ಮರೇಲಿ ಒಬ್ಬ ನಿಂತಿದಾನೆ. ಈ ಸಿನಿಮಾ ಎಷ್ಟು ಸಲ ನೋಡಿದೀನಿ, ಅವನು ಇದುವರೆಗೆ ಕಂಡೇ ಇರಲಿಲ್ಲ!"