ಸರ್ಟಿಫಿಕೇಟ್ ಇದೆ, ಕೆಲಸ ಏಕಿಲ್ಲ?

ರಾಜಾಜಿನಗರ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಸಣ್ಣ ವರ್ಕ್‌ಶಾಪ್‌ಗಳ ಮಾಲೀಕರು ಅನುಭವಿ ಆಪರೇಟರ್ ಸಿಗುತ್ತಿಲ್ಲ ಎನ್ನುತ್ತಾರೆ. ಅಲ್ಲಿಂದ ದೂರವೇನಲ್ಲದ ವಿಜಯನಗರ, ಕೆಂಗೇರಿಯಲ್ಲಿ ಐಟಿಐ ಮುಗಿಸಿದ ಹುಡುಗರು ಕೆಲಸ ಸಿಗುತ್ತಿಲ್ಲ ಎನ್ನುತ್ತಾರೆ. ಕೇಂದ್ರದ 2023–24ರ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಪ್ರಮಾಣ ಶೇ 10.2. ಎರಡೂ ಮಾತು ಏಕಕಾಲಕ್ಕೆ ನಿಜವಾಗುವುದು ಹೇಗೆ?

ಒಂದು ಕೆಲಸವನ್ನೇ ನೋಡೋಣ. ಕಂಪ್ಯೂಟರ್ ಸೂಚನೆಯಂತೆ ಲೋಹ ಕಡೆಯುವ ಸಿಎನ್‌ಸಿ ಲೇತ್‌ನಲ್ಲಿ 25 ಮಿ.ಮೀ. ವ್ಯಾಸದ ಶಾಫ್ಟ್ ತಯಾರಾಗುತ್ತಿದೆ. ನಕ್ಷೆಯ ಪ್ರಕಾರ ಅದು 25ನ್ನು ಮೀರಬಾರದು, 24.979ಕ್ಕಿಂತ ಇಳಿಯಬಾರದು. ಕತ್ತರಿಸುವ ಮೊನೆ ಸವೆಯುತ್ತಿದ್ದಂತೆ ವ್ಯಾಸ ನಿಧಾನವಾಗಿ ಹೆಚ್ಚುತ್ತದೆ. ಮೈಕ್ರೋಮೀಟರ್ 25.03 ತೋರಿಸಿದರೆ ಆಪರೇಟರ್ ಯಂತ್ರದ ‘ಆಫ್‌ಸೆಟ್’, ಅಂದರೆ ತಿದ್ದುಪಡಿ ಅಂಕಿಯಲ್ಲಿ 0.04 ಕಳೆಯಬೇಕು, ಆಗ ಅಳತೆ 24.99ಕ್ಕೆ ಬರುತ್ತದೆ. ಕಳೆಯುವ ಬದಲು ಕೂಡಿಸಿದರೆ ಶಾಫ್ಟ್ ಇನ್ನೂ ದಪ್ಪವಾಗುತ್ತದೆ, ಅದನ್ನು ಮತ್ತೆ ಕಡೆಯಬಹುದು. 0.04ರ ಬದಲು 0.4 ಕಳೆದರೆ ಸಣ್ಣದಾದ ಶಾಫ್ಟ್ ಗುಜರಿಗೇ ಹೋಗಬೇಕು. ಪಳಗಿದ ಆಪರೇಟರ್ 25.03 ಬರುವವರೆಗೆ ಕಾಯುವುದೇ ಇಲ್ಲ. ಅಳತೆ 24.997ಕ್ಕೆ ಏರಿದಾಗಲೇ ತಿದ್ದುತ್ತಾನೆ, ಮೊನೆಯನ್ನು ಯಾವಾಗ ಬದಲಿಸಬೇಕೆಂಬುದೂ ಅವನಿಗೆ ಗೊತ್ತು.

ತರಬೇತಿಯಲ್ಲಿ ಪರೀಕ್ಷೆಗೆಂದು ಒಂದೋ ಎರಡೋ ಜಾಬ್ ಮಾಡಿದವನಿಗೆ ಮೊನೆ ಸವೆಯುವುದು ಕಾಣುವುದೇ ಇಲ್ಲ. ಅದು ಕಾಣಬೇಕಾದರೆ ಒಂದೇ ಜಾಬನ್ನು ನೂರಾರು ಸಲ ಮಾಡಬೇಕು, ಕೆಟ್ಟರೆ ಕೇಳುವವರಿರಬೇಕು. ಕರ್ನಾಟಕದಲ್ಲಿ 150 ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಯಂತ್ರ ಬಂದಿದೆ, ಆದರೆ ಉತ್ಪಾದನೆಯ ಒತ್ತಡದಲ್ಲಿ ಕಲಿಯುವ ಗಂಟೆಗಳು ಯಂತ್ರದ ಜೊತೆಗೇ ಬರುವುದಿಲ್ಲ.

ಆ ಗಂಟೆಗಳು ಸಿಗುವ ಮಾದರಿ ರಾಜಾಜಿನಗರದಲ್ಲೇ ಇದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಕೈಗಾರಿಕೆಗಳಿಗೆ ಅಚ್ಚು, ಉಪಕರಣ ತಯಾರಿಸಿಕೊಡುತ್ತಲೇ ಕಲಿಸುತ್ತದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಪಾಠದ ನಂತರ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಐಟಿಐ ಹುಡುಗರಿಗೆ ಇದಕ್ಕೆ ಸಮನಾದದ್ದು 1961ರ ಅಪ್ರೆಂಟಿಸ್ ಕಾಯ್ದೆ. ಆದರೆ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಹತ್ತು ಜನರ ವರ್ಕ್‌ಶಾಪ್ ಆ ಕಡ್ಡಾಯದ ಹೊರಗೆ ಉಳಿಯುತ್ತದೆ. ಕಲಿಸುವಾಗ ಹಾಳಾದ ಜಾಬ್‌ನ ನಷ್ಟ ಮಾಲೀಕರದು. ಕಲಿತ ಹುಡುಗ ಹೆಚ್ಚು ಸಂಬಳಕ್ಕೆ ಪೀಣ್ಯಕ್ಕೆ ಹೋದರೆ ಲಾಭ ಬೇರೆಯವರದು. ಹೀಗಾಗಿ ಎಲ್ಲರೂ ‘ಅನುಭವ ಇರುವವರು’ ಬೇಕೆನ್ನುತ್ತಾರೆ, ಅನುಭವ ಕೊಡಲು ಯಾರೂ ಮುಂದಾಗುವುದಿಲ್ಲ.

ಹಲವು ಮಾಲೀಕರು ಒಟ್ಟಾಗಿ ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಕಾಮಾಕ್ಷಿಪಾಳ್ಯದ ಐದಾರು ವರ್ಕ್‌ಶಾಪ್‌ಗಳು ಹಾಗೆ ಕೂಡಿಕೊಂಡು, ಹಾಳಾದ ಜಾಬ್‌ನ ನಷ್ಟದಲ್ಲಿ ಒಂದು ಪಾಲನ್ನು ಸರ್ಕಾರ ಹೊತ್ತರೆ, ಮತ್ತೊಂದು ಐಟಿಐ ಕಟ್ಟಡ ಕಟ್ಟುವುದಕ್ಕಿಂತ ಹೆಚ್ಚು ಹುಡುಗರಿಗೆ ಕೆಲಸ ಸಿಕ್ಕೀತು. ಮುಂದಿನ ಬಜೆಟ್‌ನ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ.