ತಿರಸ್ಕರಿಸಿದವರ ಲೆಕ್ಕ

ಕಳೆದ ತಿಂಗಳು ಪುಣೆಯಲ್ಲಿ ಒಂದು ಭಾಷಣಕ್ಕೆ ಹೋಗಿದ್ದೆ. ಕೆಲಸದ ಅರ್ಜಿಗಳಿಗೆ ತಾನೇ ಅಂಕ ಕೊಟ್ಟು ಜರಡಿ ಹಿಡಿಯುವ ಸಾಫ್ಟ್‌ವೇರ್ ವಿಷಯ. ಮಾತಾಡಿದವರು ಅದನ್ನು ಮಾರುವ ಕಂಪನಿಯವರೇ. ‘ನಮ್ಮದು ಐದರಲ್ಲಿ ನಾಲ್ಕರ ನಿಯಮ ಪಾಸಾಗಿದೆ, ಪಕ್ಷಪಾತವಿಲ್ಲ’ ಎಂದರು.

ಈ ನಿಯಮ ಅಮೆರಿಕದ್ದು, 1978ರದ್ದು. ಒಂದು ಗುಂಪಿನ ಆಯ್ಕೆಯ ಪ್ರಮಾಣ, ಅತಿ ಹೆಚ್ಚು ಆಯ್ಕೆಯಾದ ಗುಂಪಿನದರ ಶೇ. 80ಕ್ಕಿಂತ ಕಡಿಮೆಯಾದರೆ ಅನುಮಾನ ಪಡಿ ಎನ್ನುತ್ತದೆ, ಅಷ್ಟೆ.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ ಎದ್ದು ಬೋರ್ಡಿನ ಮೇಲೆ ಒಂದು ಕಲ್ಪಿತ ಲೆಕ್ಕ ಬರೆದಳು. ನೂರು ಗಂಡಸರು, ನೂರು ಹೆಂಗಸರು ಅರ್ಜಿ ಹಾಕಿದ್ದಾರೆ. ಎರಡೂ ಕಡೆ ನಿಜವಾಗಿ ಕೆಲಸ ಬಲ್ಲವರು 60. ಸಾಫ್ಟ್‌ವೇರ್ 50 ಗಂಡಸರನ್ನು, 40 ಹೆಂಗಸರನ್ನು ಆರಿಸಿತು. ನಲವತ್ತನ್ನು ಐವತ್ತರಿಂದ ಭಾಗಿಸಿದರೆ 0.8, ಪಾಸು. ಆದರೆ ಆ 50 ಗಂಡಸರಲ್ಲಿ 45 ಮಂದಿ ಕೆಲಸ ಬಲ್ಲವರು, 40 ಹೆಂಗಸರಲ್ಲಿ 30 ಮಾತ್ರ. ಅಂದರೆ ಅರ್ಹ ಗಂಡಸರಲ್ಲಿ ಶೇ. 75 ಒಳಗೆ ಬಂದರು, ಅರ್ಹ ಹೆಂಗಸರಲ್ಲಿ ಅರ್ಧದಷ್ಟು ಹೊರಗೇ ಉಳಿದರು. ‘ಇದನ್ನು ನೀವು ಅಳೆದಿದ್ದೀರಾ?’

ಅಳೆದಿರಲಿಲ್ಲ. ಅಳೆಯುವುದು ಸುಲಭವೂ ಅಲ್ಲ ಎನ್ನುವುದು ನಿಜ. ಕೆಲಸಕ್ಕೆ ಸೇರಿದವರು ಹೇಗೆ ದುಡಿದರೆಂದು ಕಂಪನಿಗೆ ಗೊತ್ತಿರುತ್ತದೆ. ತಿರಸ್ಕರಿಸಿದವರು ಹೇಗೆ ದುಡಿಯುತ್ತಿದ್ದರೆಂದು ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿನ ಸಾಕ್ಷಿಯನ್ನು ತಪ್ಪೇ ಅಳಿಸಿಹಾಕುತ್ತದೆ. ನನಗೆ ಗೊತ್ತಿರುವ ನೇರ ದಾರಿ ಒಂದೇ: ತಿರಸ್ಕರಿಸಿದ ಹತ್ತರಲ್ಲಿ ಒಬ್ಬರನ್ನು ಚೀಟಿ ಎತ್ತಿ, ಅಂಕ ಮುಚ್ಚಿಟ್ಟು, ಮನುಷ್ಯರಿಂದ ಸಂದರ್ಶನ ಮಾಡಿಸುವುದು. ಸಂದರ್ಶಕರೂ ಪಕ್ಷಪಾತಿಗಳಾಗಬಹುದು, ಒಪ್ಪುತ್ತೇನೆ. ಏನೂ ನೋಡದೆ ಇರುವುದಕ್ಕಿಂತ ಮೇಲು.

ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: ‘ತಪ್ಪಾದರೆ ಉತ್ತರ ಕೊಡುವವರು ಯಾರ್ರೀ?’ ಭಾಷಣಕಾರರು, ‘ನಾವು ಅಂಕ ಮಾತ್ರ ಕೊಡ್ತೇವೆ ಸರ್, ನಿರ್ಧಾರ ಗ್ರಾಹಕರದ್ದು’ ಎಂದರು. ಅಲ್ಲೇ ಇದ್ದ ಎಚ್‌ಆರ್ ಮಹಿಳೆ ತಣ್ಣಗೆ ಹೇಳಿದರು: ‘ಕಟ್-ಆಫ್ ಕೆಳಗಿನ ಅರ್ಜಿಯನ್ನು ನಾವು ತೆರೆಯುವುದೇ ಇಲ್ಲ.’ ಹಾಗಾದರೆ ನಿರ್ಧಾರ ಮಾಡಿದವರೇ ಇಲ್ಲ!

ಈ ನುಣುಚು ಎಲ್ಲ ಕಡೆ ನಡೆಯುವುದಿಲ್ಲ. ವರ್ಕ್‌ಡೇ ಮೇಲಿನ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ 2024ರ ಜುಲೈನಲ್ಲಿ, ಸಾಫ್ಟ್‌ವೇರ್ ಕೊಟ್ಟವರನ್ನು ಉದ್ಯೋಗದಾತರ ಏಜೆಂಟರೆಂದು ವಾದಿಸಲು ಅವಕಾಶವಿದೆ ಎಂದಿತು. ಅದು ತಪ್ಪು ಸಾಬೀತಾದ ತೀರ್ಪಲ್ಲ, ಕೇಸು ಮುಂದುವರಿಯಲು ಸಿಕ್ಕ ಅನುಮತಿ. ನ್ಯೂಯಾರ್ಕ್ ನಗರ 2023ರ ಜುಲೈನಿಂದ ವರ್ಷಕ್ಕೊಮ್ಮೆ ಹೊರಗಿನವರ ತಪಾಸಣೆ ಕಡ್ಡಾಯ ಮಾಡಿದೆ. ಆದರೆ ಅಲ್ಲಿಯೂ ಪ್ರಕಟಿಸಬೇಕಾದದ್ದು ಆಯ್ಕೆಯ ಅನುಪಾತ. ಅದು ಕೆಟ್ಟದಾಗಿದ್ದರೆ ಸಾಫ್ಟ್‌ವೇರ್ ನಿಲ್ಲಿಸಿ ಎಂದು ಆ ಕಾನೂನು ಹೇಳುವುದಿಲ್ಲ. ನಮ್ಮ ಕಂಪನಿಗಳು ಇದನ್ನೇ ನಕಲು ಮಾಡಿದರೆ ಆ ಹುಡುಗಿಯ ಮೂವತ್ತು ಹೆಂಗಸರು ಯಾವ ವರದಿಯಲ್ಲೂ ಕಾಣುವುದಿಲ್ಲ.

ನಾನು ಚೀಟಿಯ ಮಾತೆತ್ತಿದಾಗ ಭಾಷಣಕಾರರು ನಕ್ಕು, ‘ಇದಕ್ಕೆ ಯಾವ ಗ್ರಾಹಕ ಒಪ್ತಾನೆ?’ ಎಂದರು. ಬೋರ್ಡಿನ ಲೆಕ್ಕದಲ್ಲಿ ತಿರಸ್ಕೃತರು 110. ಹತ್ತಕ್ಕೊಂದು ಎಂದರೆ 11 ಸಂದರ್ಶನ. ಎಚ್‌ಆರ್ ಮಹಿಳೆ ಅದನ್ನು ಬರೆದುಕೊಳ್ಳುತ್ತಿದ್ದರು.